ಇಬ್ಬರು ಒಡೆದ ಪದಗಳು

ಉದ್ದನೆಯ ಪದ ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ. ಪೇಪರಿನಲ್ಲಿ 'ಮಾಡಬೇಕಾಗಿರುವುದರಿಂದ' ಅಂತ ಓದಿದ ಕೂಡಲೇ ಕೈ ತಾನಾಗಿಯೇ ಪೆನ್ಸಿಲು ಹುಡುಕುತ್ತದೆ. ಮಾಡು, ಬೇಕು, ಆಗು, ಇರು. ನಾಲ್ಕು ಬೇರು ಸಿಕ್ಕವು, ಸಿಕ್ಕು ಏನು ಮಾಡೋದು? ಪೇಪರು ಮಡಚಿ ಅಟ್ಟದ ಮೇಲೆ ಎಸೆಯುತ್ತೇನೆ.

ನಾವು ಗಂಡ ಹೆಂಡತಿ ಇಬ್ಬರೂ ಆಂಧ್ರದ ಗಡಿಯಲ್ಲಿ ಕನ್ನಡ ಮಾಧ್ಯಮದ ಮಾಸ್ತರಿಕೆ ಮಾಡಿದವರು. ನಮ್ಮವರು ಪೆದ್ದಹರಿವಾಣದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು, ನಾನು ಆದೋನಿಯಲ್ಲೇ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವವಳು. ಬಸ್ಸಿನ ಬೋರ್ಡು ತೆಲುಗು, ರೇಷನ್ ಕಾರ್ಡು ತೆಲುಗು, ಹತ್ತಿ ಮಾರ್ಕೆಟ್ಟಿನ ಕೂಗು ತೆಲುಗು, ಮನೆಯ ಹೊಸ್ತಿಲು ದಾಟಿದರೆ ಕನ್ನಡ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಅದೇನು ದೊಡ್ಡ ಸಂಗತಿಯಲ್ಲ, ಎರಡು ಕಾಲಿನಲ್ಲಿ ನಡೆದ ಹಾಗೆ ಎರಡು ಮಾತಿನಲ್ಲಿ ಬದುಕಿದೆವು.

ಇಬ್ಬರೂ ನಿವೃತ್ತರಾದ ಮೇಲೆ ಈ ಪದ ಒಡೆಯುವ ಕೆಲಸ ಬಂತು. ಕರ್ನಾಟಕದ ಕಡೆಯ ಒಂದು ಸಂಸ್ಥೆಯವರು ಕಂಪ್ಯೂಟರಿಗೆ ಕನ್ನಡ ಕಲಿಸಲು ಹೊರಟಿದ್ದರು. ಕನ್ನಡದಲ್ಲಿ ಪದಕ್ಕೆ ಪದ ಅಂಟಿ, ಅದಕ್ಕೆ ಬಾಲ ಬೆಳೆದು, ಲೆಕ್ಕವಿಲ್ಲದಷ್ಟು ರೂಪಗಳಾಗುತ್ತವೆ. ಅಷ್ಟನ್ನೂ ಒಂದೊಂದಾಗಿ ಕಂಪ್ಯೂಟರಿಗೆ ತುಂಬಿಸುತ್ತ ಕೂತರೆ ಜನ್ಮ ಸಾಲದು. ಬೇರುಪದಗಳ ಪಟ್ಟಿ ಒಂದು ಕೊಟ್ಟು, ಅವು ಹೇಗೆ ಕೂಡುತ್ತವೆ ಅನ್ನುವ ನಿಯಮ ಕೊಟ್ಟರೆ ಯಾವ ಉದ್ದದ ಪದ ಬಂದರೂ ಅದು ಗುರುತು ಹಿಡಿಯುತ್ತದೆ, ತಪ್ಪು ಬರೆದರೆ ತಪ್ಪೆನ್ನುತ್ತದೆ. ಆ ಪಟ್ಟಿ ಮಾಡಲಿಕ್ಕೆ ಪದ ಒಡೆಯುವ ಮಂದಿ ಬೇಕು. ನಮ್ಮವರ ಹಳೆಯ ಶಿಷ್ಯನೊಬ್ಬ ಅಲ್ಲಿಗೆ ನಮ್ಮ ಹೆಸರು ಹೇಳಿದ್ದ.

ಕೆಲಸ ಹೀಗೆ. ಪುಸ್ತಕ, ಪೇಪರುಗಳಿಂದ ಹೆಕ್ಕಿದ ಉದ್ದದ ಪದಗಳು ಒಂದರ ಕೆಳಗೊಂದು ಬರುತ್ತಿದ್ದವು. ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಹಾಳೆಯ ಎರಡು ಪ್ರತಿ ತೆಗೆಸುತ್ತಿದ್ದೆವು, ಅವರಿಗೊಂದು, ನನಗೊಂದು. ಪದ ಎಲ್ಲಿ ಒಡೆಯುತ್ತದೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಪಕ್ಕದಲ್ಲಿ ತುಂಡುಗಳನ್ನು ಅವುಗಳ ಮೂಲ ರೂಪದಲ್ಲಿ ಬರೆಯಬೇಕು. 'ಮಳೆಗಾಲ' ಒಡೆದರೆ ಮಳೆ, ಕಾಲ. ಕೂಡುವಾಗ ಗ ಆದದ್ದನ್ನು ಮತ್ತೆ ಕ ಮಾಡಬೇಕು. 'ಮನೆಯೊಳಗಿದ್ದವರು' ಬಂದರೆ ಮನೆ, ಒಳಗೆ, ಇರು, ಅವರು. ನಡುವೆ ನುಸುಳಿದ ಯ ಯಾರ ಮನೆಯದೂ ಅಲ್ಲ, ಅದನ್ನು ಬಿಟ್ಟುಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ, ಒಡೆಯುವಾಗ ಒಬ್ಬರನ್ನೊಬ್ಬರು ಕೇಳುವ ಹಾಗೂ ಇಲ್ಲ. ಇಬ್ಬರೂ ಬೇರೆಬೇರೆ ಕೂತು ಒಂದೇ ಕಡೆ ಒಡೆದರೆ ಆ ಬೇರು ನೇರ ಪಟ್ಟಿಗೆ ಹೋಗುತ್ತದೆ. ಹೊಂದದೆ ಇದ್ದರೆ ಸಂಸ್ಥೆಯ ಮೂರನೆಯವರು ತೀರ್ಮಾನ ಮಾಡುತ್ತಾರೆ. ಒಬ್ಬರಿಗೆ ತಿಳಿದದ್ದು ಬರೀ ಅವರ ಅಭಿಪ್ರಾಯ, ಇಬ್ಬರಿಗೂ ತಾನಾಗಿ ತಿಳಿದದ್ದೇ ಭಾಷೆ ಅಂತ ನಮ್ಮವರು ಈ ಕಟ್ಟಳೆಯನ್ನು ದೇವರ ಕೋಣೆಯ ಮಡಿಯಂತೆ ಪಾಲಿಸಿದರು. ಅವರು ಪಡಸಾಲೆಯ ಮೇಜಿಗೆ, ನಾನು ಅಡುಗೆಮನೆಯ ಮಣೆಗೆ.

ಎರಡೂ ಹಾಳೆ ಮುಗಿದ ಮೇಲೆ ನಾನು ಅವನ್ನು ಎದುರುಬದುರು ಇಟ್ಟುಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದೆ. ಜಗಳ ಶುರುವಾಗುವುದು ಆಗಲೇ. 'ಹೆದ್ದಾರಿ' ಬಂದ ದಿನ ಅವರು ಅದನ್ನು ಹಿರಿದು, ದಾರಿ ಅಂತ ಒಡೆದಿದ್ದರು, ನಾನು ಒಡೆಯದೆ ಬಿಟ್ಟಿದ್ದೆ.

"ಬಸ್‌ಸ್ಟ್ಯಾಂಡಿನಾಗ ನಿಂತು ಯಾರರ ಹಿರಿದು ದಾರಿ ಅಂತಾರೇನ್ರಿ? ಅದು ಈಗ ಒಂದ ಪದ ಆಗೈತಿ," ಅಂದೆ.

"ಹಂಗಲ್ಲ," ಅಂದರು. ಅವರ ಎಲ್ಲ ಮಾತೂ ಹಂಗಲ್ಲ ಅಂತಲೇ ಶುರುವಾಗಬೇಕು. ನಲವತ್ತು ಮಕ್ಕಳ ಕ್ಲಾಸಿಗೂ ಅದೇ, ಹೆಂಡತಿಗೂ ಅದೇ. "ಹಂಗಲ್ಲ. ಹೆಮ್ಮರ, ಹೆಬ್ಬಾಗಿಲು ಎಲ್ಲಾ ಏನ್ಮಾಡ್ತಿ? ಹಿಂದ ಒಂದ ಬೇರು ಐತಿ ನೋಡು."

"ಬೇರು ಕಿತ್ತು ಕಿತ್ತು ಗಿಡ ಸಾಯಿಸ್ತೀರಿ ನೀವು."

ಹಾಳೆಯೊಂದಕ್ಕೆ ನಾಲ್ಕೈದಾದರೂ ಹೀಗೆ ಹೊಂದದವು ಇರುತ್ತಿದ್ದವು. ಸಂಸ್ಥೆಯ ಮೇಡಂ, ಮೈಸೂರು ಕಡೆಯ ಮೆತ್ತನೆ ದನಿಯ ಹುಡುಗಿ, ಫೋನಿನಲ್ಲಿ ನಗುತ್ತಿದ್ದಳು. ಗಂಡ ಹೆಂಡತಿ ಆಗಿ ನಿಮ್ಮಷ್ಟು ಜಗಳ ಬೇರೆ ಯಾವ ಜೋಡಿಯೂ ಆಡಲ್ಲ ಮೇಡಂ ಅನ್ನುತ್ತಿದ್ದಳು. ಮಂದಿ ಮುಂದೆ ಹೇಳಿಕೊಳ್ಳಲಿಲ್ಲ ಅಷ್ಟೇ, ಮದುವೆಯಾದಾಗಿನಿಂದ ಅಷ್ಟು ಸುಖವಾಗಿ ನಾವು ಯಾವತ್ತೂ ಜಗಳ ಆಡಿರಲಿಲ್ಲ.

ಅವರು ಬಿದ್ದದ್ದು ಒಂದು ಬೆಳಿಗ್ಗೆ, ಲಿಂಗಪೂಜೆಗೆ ಕೂತಾಗ. ವಿಭೂತಿ ಹಚ್ಚಿಕೊಳ್ಳಲು ಎತ್ತಿದ ಬಲಗೈ ಹಣೆಗೆ ಮುಟ್ಟಲಿಲ್ಲ. ನಾನು ಉಗ್ಗಾಣಿಗೆ ಮಂಡಕ್ಕಿ ನೆನೆಸುತ್ತಿದ್ದೆ, ಒಳಗೆ ತಂಬಿಗೆ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಬಾಯಿ ಒಂದು ಕಡೆ ಎಳೆದಿತ್ತು, ಏನೋ ಹೇಳುತ್ತಿದ್ದರು, ಅದು ಮಾತಾಗಿರಲಿಲ್ಲ. ನನ್ನ ಮೈದುನ, ಹತ್ತಿ ವ್ಯಾಪಾರ ಮಾಡುವವನು, ಕಾರು ತಂದ. ಆದೋನಿ ದಾಟಿ, ಎಮ್ಮಿಗನೂರು ದಾಟಿ ಕರ್ನೂಲು ಮುಟ್ಟುವಷ್ಟರಲ್ಲಿ ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು.

ಜೀವ ಉಳಿಯಿತು. ಕಾಲಿಗೆ ಸ್ವಲ್ಪ ಬಲ ಬಂತು, ಕೋಲು ಹಿಡಿದು ಗೋಡೆ ಹಿಡಿದು ನಿಲ್ಲುವಷ್ಟು. ಕೈ ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ವಾಪಸು ಬಂತು, 'ಹಂಗಲ್ಲ.' ನೀರು ಬೇಕಾದರೆ ಹಂಗಲ್ಲ, ಸಾಕಾದರೆ ಹಂಗಲ್ಲ, ಮೈದುನ ಬಂದು ಕಾಲು ಮುಟ್ಟಿದರೆ ಸಂತೋಷಕ್ಕೂ ಹಂಗಲ್ಲ. ದನಿಯ ಏರಿಳಿತ ಮಾತ್ರ ಬೇರೆಬೇರೆ. ಶಿವನೇ, ಇಷ್ಟೆಲ್ಲ ಕನ್ನಡ ಇದ್ದ ಮನುಷ್ಯನಿಗೆ ಇದೊಂದನ್ನು ಬಿಟ್ಟು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು ಅಂತ ದೇವರ ಕೋಣೆಯಲ್ಲಿ ನಿಂತು ಬೈದೆ.

ಕರ್ನೂಲಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ತಿಂಗಳಿಗೆರಡು ಸಲ ಹೋಗುತ್ತಿದ್ದೆವು. ಆಕೆ ಒಳ್ಳೆಯವರೇ. ಚಿತ್ರ ತೋರಿಸಿ "ಇದಿ ಏಮಿಟಿ ಸಾರ್?" ಇದೇನು ಅಂತ ತೆಲುಗಿನಲ್ಲಿ ಕೇಳುವರು. ಇವರು ಸುಮ್ಮನೆ ನೋಡುವರು. "ಕಳ್ಳು ಮೂಸುಕೋಂಡಿ," ಕಣ್ಣು ಮುಚ್ಚಿರಿ ಅನ್ನುವರು. ಇವರು ಮುಚ್ಚರು, ನಗುನಗುತ್ತ ತಲೆಯಾಡಿಸುವರು. ಹೇಳುವುದಕ್ಕೆ ಮಾತ್ರವಲ್ಲ, ಕೇಳಿ ತಿಳಿಯುವುದಕ್ಕೂ ಪೆಟ್ಟು ಬಿದ್ದಿದೆ, ಪದಗಳೇ ಒಳಗೆ ಉಳಿದ ಹಾಗೆ ಕಾಣುವುದಿಲ್ಲ ಅಂತ ಆಕೆ ನನ್ನನ್ನು ಹೊರಗೆ ಕರೆದು ಹೇಳಿದರು.

ನನಗೆ ಬೆಂಕಿ ಹತ್ತಿತು. "ನೀವು ತೆಲುಗಿನಾಗ ಕೇಳ್ತೀರಿ. ಅವರು ಹುಟ್ಟಿದಾಗಿಂದ ಕನ್ನಡ, ಹೊಟ್ಟೆಪಾಡಿಗೂ ಕನ್ನಡ. ಬ್ಯಾರೆ ಬಾಗಲು ಬಡದು ಮನಿಯಾಗ ಯಾರೂ ಇಲ್ಲ ಅಂದ್ರ ಹೆಂಗ?" ಅಂತ ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಕೂಗಾಡಿದೆ. ಆಕೆ ಸಿಟ್ಟಾಗಲಿಲ್ಲ. ಎರಡು ಭಾಷೆ ಬಲ್ಲವರಿಗೆ ಒಂದು ಮೊದಲು ಮರಳುವುದುಂಟು, ನೋಡೋಣ ಅಂದರು. ಆ ಒಂದು ಮಾತನ್ನು ಸೆರಗಿಗೆ ಕಟ್ಟಿಕೊಂಡು ನಾನು ಊರಿಗೆ ಬಂದೆ. ಇವರೊಳಗೆ ಕನ್ನಡ ಇದೆಯೋ ಇಲ್ಲವೋ, ನನಗೆ ಅದೊಂದೇ ಬೇಕಾಗಿತ್ತು. ಇದ್ದರೆ ಇವತ್ತಲ್ಲ ನಾಳೆ ಹೊರಗೆ ಬಂದೀತು. ಇಲ್ಲದಿದ್ದರೆ ನಾನು ಯಾರ ಜೊತೆ ಸಂಸಾರ ಮಾಡುತ್ತಿದ್ದೇನೆ?

ಪದದ ಹಾಳೆಗಳ ಒಂದು ಕಟ್ಟು ಹಾಗೇ ಉಳಿದಿತ್ತು. ಅವರು ಬೀಳುವ ಮುಂಚೆ ನನ್ನ ಪ್ರತಿ ನಾನು ಮುಗಿಸಿ ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟಿದ್ದೆ, ಅವರದು ಮೇಜಿನ ಮೇಲೆ ಖಾಲಿ ಇತ್ತು. ಒಂದು ಮಧ್ಯಾಹ್ನ ಅವರು ಎಡಗೈಯಿಂದ ಆ ಕಟ್ಟು ಎಳೆದುಕೊಂಡು, ಬೆರಳಿನಿಂದ ಮೇಜು ಬಡಿದು, "ಹಂಗಲ್ಲ, ಹಂಗಲ್ಲ" ಅಂದರು. ಪೆನ್ಸಿಲು ಕೇಳುತ್ತಿದ್ದಾರೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊಟ್ಟೆ. ಹಾಳೆ ಜಾರದಿರಲಿ ಅಂತ ಮೇಲೆ ಕಲ್ಲಿಟ್ಟು, ಸಂತೆಗೆ ಹೋದೆ.

ಬಂದು ನೋಡುತ್ತೇನೆ, ಹಾಳೆಯ ತುಂಬ ಗೆರೆ. ಎಡಗೈಯ ಸೊಟ್ಟ ಗೆರೆಗಳು, ಆದರೆ ಎಲ್ಲಿರಬೇಕೋ ಅಲ್ಲೇ. 'ಹತ್ತಿಬೀಜ'ದ ನಡುವೆ ಗೆರೆ. 'ಬಾಯಾರಿಕೆ'ಯಲ್ಲಿ ಯಾ ಅಕ್ಷರದ ಮೇಲೆಯೇ ಗೆರೆ. ಪಕ್ಕದಲ್ಲಿ ಬಿಡಿಸಿ ಬರೆಯಲು ಕೈ ಬಂದಿರಲಿಲ್ಲ, ಹೋಗಲಿ ಬಿಡು, ಬರೆಯಲು ನಾನಿದ್ದೇನೆ. ಒಡೆಯುವ ಜಾಗ ಗೊತ್ತಿದೆಯಲ್ಲ! ತರಕಾರಿ ಚೀಲ ಅಲ್ಲೇ ಬಿಟ್ಟು ಅವರ ತಲೆ ಹಿಡಿದುಕೊಂಡು ಅತ್ತೆ, ಅಳುತ್ತಲೇ ನಕ್ಕೆ. ಅವರೂ ನಕ್ಕರು.

ಮೈದುನ ಅಂಗಿಯ ಮೇಲಿನ ಹತ್ತಿಯ ಎಳೆ ಸಹ ಕೊಡವದೆ ಓಡಿಬಂದ. ಹಾಳೆ ನೋಡಿ ಕಣ್ಣೊರೆಸಿಕೊಂಡ.

"ಅತ್ತಿಗೀ, ಅಣ್ಣನ ಒಳಗ ಎಲ್ಲಾ ಐತಿ. ಕೀಲಿ ಒಂದ ಕಳದೈತಿ, ಅಷ್ಟ."

ಅಲ್ಲಿಂದ ಹಾಳೆಗಳ ಕೆಲಸ ಮತ್ತೆ ಶುರುವಾಯಿತು. ನಾನು ಬೆಳಿಗ್ಗೆ ಅವರು ಏಳುವ ಮುಂಚೆ ನನ್ನ ಪ್ರತಿ ಮುಗಿಸಿ ಗೂಡಿನಲ್ಲಿಡುತ್ತಿದ್ದೆ. ಹಗಲು ನಾನು ನೀರಿಗೋ, ಗಿರಣಿಗೋ, ಅಂಗಡಿಗೋ ಹೋದಾಗ ಅವರು ತಮ್ಮದು ಮಾಡುತ್ತಿದ್ದರು. ನಾನು ಎದುರಿಗೆ ಕೂತರೆ ಪೆನ್ಸಿಲು ಮುಟ್ಟುತ್ತಿರಲಿಲ್ಲ. ಮೊದಲಿನಿಂದಲೂ ಹಾಗೇ ಅಲ್ಲವೇ, ಒಡೆಯುವಾಗ ಒಬ್ಬರೇ ಇರಬೇಕು, ಕಟ್ಟಳೆ ಮರೆತಿಲ್ಲ ಅಂತ ಅದಕ್ಕೂ ಹಿಗ್ಗಿದೆ. ಪಕ್ಕದ ಮನೆಯಾಕೆ ಒಂದು ದಿನ, "ನೀವಿಲ್ದಾಗ ಮಾಸ್ತರು ಪಡಸಾಲಿಯಾಗ ಕೋಲು ಹಿಡ್ಕಂಡು ಅಡ್ಡಾಡ್ತಾರಮ್ಮ, ಕಿಟಕ್ಯಾಗ ಕಂಡಿನಿ," ಅಂದಳು. ಅದೂ ಹಬ್ಬವೇ ಆಯಿತು. ಆ ಸೋಮವಾರ ಮಾದಲಿ ಮಾಡಿ ಓಣಿಗೆಲ್ಲ ಹಂಚಿದೆ.

ಸಂಸ್ಥೆಯ ಮೇಡಂ ಫೋನು ಮಾಡಿದಳು. "ಸರ್ ಹುಷಾರಾಗ್ತಿದಾರೆ ಮೇಡಂ! ಈಗ ನಿಮ್ಮಿಬ್ಬರದು ಎಲ್ಲಾ ಪದಾನೂ ಹೊಂದ್ತಾ ಇದೆ. ಜಗಳಾನೇ ಇಲ್ಲ."

"ವಯಸ್ಸಾತು, ಸೋತು ದಾರಿಗಿ ಬಂದಾರ," ಅಂದು ನಕ್ಕೆ. ಜಗಳ ಇಲ್ಲದ್ದು ಯಾಕೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕರ್ನೂಲಿಗೆ ಹೋದಾಗ ಆ ಹಾಳೆಗಳ ಕಟ್ಟನ್ನು ಡಾಕ್ಟರಮ್ಮನ ಮೇಜಿನ ಮೇಲೆ ಧಪ್ಪಂತ ಇಟ್ಟೆ. ಅವರಿಗೆ ಕನ್ನಡ ಓದಲು ಬಾರದು, ಆದರೂ ತಿರುವಿ ತಿರುವಿ ನೋಡಿದರು. ಇದನ್ನು ಒಬ್ಬರೇ ಮಾಡಿದರೇ ಅಂತ ಎರಡು ಸಲ ಕೇಳಿದರು. ಒಬ್ಬರೇ ಅಂದೆ. ಹಾಗಿದ್ದರೆ ನನ್ನ ಪರೀಕ್ಷೆ ಸರಿಯಾಗಿಲ್ಲದಿರಬಹುದು, ಬಳ್ಳಾರಿಯಲ್ಲಿ ಕನ್ನಡದಲ್ಲೇ ಮಾತು ಕಲಿಸುವವರಿದ್ದಾರೆ, ಈ ಹಾಳೆಗಳನ್ನೂ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ಇವರ ಕಿವಿಯ ಹತ್ತಿರ ಬಾಗಿ, "ಗೆದ್ವಿ ನೋಡ್ರಿ," ಅಂದೆ.

ಬಳ್ಳಾರಿಗೆ ಹೋಗುವ ವಾರ ಮನೆಯಲ್ಲಿ ಕೆಲಸ ಹೆಚ್ಚು. ಒಂದು ಬೆಳಿಗ್ಗೆ ನಾನು ಹಾಳೆ ಒಡೆಯುತ್ತ ಕೂತಿರುವಾಗ ಒಲೆಯ ಮೇಲೆ ಹಾಲು ಉಕ್ಕಿತು. ಗೆರೆ ಎಳೆಯುತ್ತಲೇ ಎದ್ದೆ. ಆಮೇಲೆ ಬಂದು ಮುಂದಿನ ಪದದಿಂದ ಶುರು ಮಾಡಿದೆ. ಆ ದಿನ ತುಂಡುಗಳನ್ನು ಬಿಡಿಸಿ ಬರೆಯಲಿಕ್ಕೂ ಪುರುಸೊತ್ತಾಗಲಿಲ್ಲ, ಕಂಪ್ಯೂಟರಿಗೆ ಹಾಕುವಾಗ ಬರೆದರಾಯಿತು ಅಂತ ಬರೀ ಗೆರೆ ಎಳೆದು ಗೂಡಿನಲ್ಲಿಟ್ಟೆ.

ಮರುದಿನ ಊಟವಾದ ಮೇಲೆ ಎರಡೂ ಹಾಳೆ ಎದುರುಬದುರು ಇಟ್ಟುಕೊಂಡು ಕೂತೆ. 'ಮನೆಗೆಲಸದವಳು' ಅನ್ನುವ ಪದ ಬಂತು. ಮನೆ, ಕೆಲಸ, ಅವಳು. ಒಂದನೇ ಇಯತ್ತೆಯ ಕೂಸೂ ಇದನ್ನು 'ಮನೆ' ಆದ ಕೂಡಲೇ ಒಡೆಯುತ್ತದೆ. ನನ್ನ ಹಾಳೆಯಲ್ಲಿ ಗೆರೆ ಒಂದು ಅಕ್ಷರ ಜಾರಿತ್ತು. ಮನೆಗೆ, ಲಸದವಳು. ಹಾಲು ಉಕ್ಕಿದಾಗ ಎಳೆದ ಗೆರೆ ಅದು. ನನಗೆ ನಾನೇ ಬೈದುಕೊಂಡು, ಅಳಿಸಲು ರಬ್ಬರು ತೆಗೆದುಕೊಂಡು, ಹಾಗೇ ಅವರ ಹಾಳೆಯ ಕಡೆ ಕಣ್ಣು ಹಾಯಿಸಿದೆ.

ಮನೆಗೆ, ಲಸದವಳು. ಸೊಟ್ಟ ಗೆರೆ, ಗೆ ಮತ್ತು ಲ ನಡುವೆ.

'ಲಸ' ಅಂತ ಲೋಕದಲ್ಲಿ ಯಾವ ಕೆಲಸವೂ ಇಲ್ಲ. ಕನ್ನಡ ಬಲ್ಲ ಯಾರೂ, ಕುಡಿದವರೂ, ನಿದ್ದೆಗಣ್ಣಿನವರೂ ಅಲ್ಲಿ ಒಡೆಯುವುದಿಲ್ಲ. ರಬ್ಬರು ಕೆಳಗಿಟ್ಟೆ. ಹಿಂದಿನ ಹಾಳೆಗಳನ್ನೆಲ್ಲ ತೆಗೆದೆ. ನಾನು ಒಡೆಯದೆ ಬಿಟ್ಟಲ್ಲಿ ಅವರೂ ಬಿಟ್ಟಿದ್ದರು. 'ಹೆಬ್ಬಂಡೆ'ಯನ್ನೂ ಬಿಟ್ಟಿದ್ದರು. ಪ್ರಾಣ ಹೋದರೂ ಹಿರಿದು ಅನ್ನುವ ಬೇರನ್ನು ಬಿಡದಿದ್ದ ಮನುಷ್ಯ, ಗೆರೆಯನ್ನು ನಾನು ಗಟ್ಟಿಯಾಗಿ ಒತ್ತಿದಲ್ಲಿ ತಾವೂ ಗಟ್ಟಿಯಾಗಿ ಒತ್ತಿದ್ದರು.

ಆದರೂ ನಾನು ಒಪ್ಪಲಿಲ್ಲ. ಮನಸ್ಸು ಎಂಥ ಕಳ್ಳ ನೋಡಿ, ಒಂದೊಂದು ಸಲ ನೋಡಿರಬಹುದು, ಉಳಿದದ್ದು ತಾವೇ ಮಾಡಿದ್ದಾರು ಅಂದಿತು. ಮರುದಿನ ಹೊಸ ಹಾಳೆಯ ಅವರ ಪ್ರತಿ ಮೇಜಿನ ಮೇಲಿಟ್ಟೆ. ನನ್ನದನ್ನು ಅಡುಗೆಮನೆಯ ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟು, ಗಿರಣಿಗೆ ಹೋಗಿ ಬರುತ್ತೇನೆಂದು ಹೇಳಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕದದ ಮರೆಯಲ್ಲಿ ನಿಂತೆ.

ಅವರು ಎದ್ದರು. ಕೋಲು ಹಿಡಿದು, ಗೋಡೆಗೆ ಭುಜ ತಾಗಿಸಿಕೊಂಡು ಗೂಡಿನ ತನಕ ನಡೆದರು. ಇಷ್ಟು ದಿನ ಆ ನಡಿಗೆಗಾಗಿಯೇ ನಾನು ದೇವರಿಗೆ ದೀಪ ಹಚ್ಚಿದ್ದೆ. ಗೂಡಿನಲ್ಲಿ ಕೈಯಾಡಿಸಿದರು. ಪಂಚಾಂಗ ಎತ್ತಿ ನೋಡಿದರು, ಕನ್ನಡಕದ ಡಬ್ಬಿ ಎತ್ತಿ ನೋಡಿದರು. ಮತ್ತೆ ಬಂದು ಮೇಜಿಗೆ ಕೂತು ಪೆನ್ಸಿಲು ಹಿಡಿದರು. ಮೊದಲನೆಯ ಪದದ ಮೇಲೆ ಅದನ್ನು ತಂದರು, ಆಮೇಲೆ ಎತ್ತಿದರು. ಹಾಳೆಯನ್ನು ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು, ನಮ್ಮ ಓಣಿಗೆ ಹೊಸದಾಗಿ ಬಂದ ಮನುಷ್ಯ ಅಂಗಡಿಯ ತೆಲುಗು ಬೋರ್ಡು ನೋಡುವ ಹಾಗೆ.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದೆ.

"ನನ್ನ ಹಾಳಿ ನೋಡಿ ಎಳದ್ರೇನ್ರಿ? ಎಲ್ಲಾನೂ?"

"ಹಂಗಲ್ಲ," ಅಂದರು.

"ಹಂಗಲ್ಲಂದ್ರ ಹೆಂಗ? ನೀವ ಅಲ್ಲೇನ್ರಿ ನೋಡಬಾರ್ದು ಅಂದವರು? ನಾ ಊರ ತುಂಬ ಹೇಳಿನಿ! ಆ ಡಾಕ್ಟರಮ್ಮನ ಮುಂದ ಹಾಳಿ ಇಟ್ಟು ಮೆರದೀನಿ! ಯಾಕ ಮಾಡಿದ್ರಿ ಇದನ್ನ?"

ಕೂಗಿದ್ದು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನನ್ನ ಮುಖ ಮಾತ್ರ ತಿಳಿಯಿತು. "ಹಂಗಲ್ಲ... ಹಂಗಲ್ಲ," ಅನ್ನುತ್ತ ಎಡಗೈಯಿಂದ ನನ್ನ ಕೆನ್ನೆ ಒರೆಸಲು ಬಂದರು. ಆಗ ನನಗೆ ಅರ್ಥವಾಯಿತು. ಮೊದಲ ದಿನ ಗೆರೆ ನೋಡಿ ನಾನು ಅವರ ತಲೆ ಹಿಡಿದು ಅತ್ತಿದ್ದೆನಲ್ಲ, ನಕ್ಕಿದ್ದೆನಲ್ಲ, ಅದು ಅವರಿಗೆ ಕಂಡಿತ್ತು. ಗೆರೆ ಎಳೆದರೆ ಹೆಂಡತಿ ನಗುತ್ತಾಳೆ, ಅಷ್ಟೇ ಅವರಿಗೆ ಉಳಿದಿದ್ದ ವ್ಯಾಕರಣ. ಅದಕ್ಕಾಗಿ ದಿನಾ ಆ ಕಾಲಿನಲ್ಲಿ ಗೂಡಿನ ತನಕ ಹೋಗಿ ಬರುತ್ತಿದ್ದರು.

ಬಳ್ಳಾರಿಗೆ ಹೋದೆವು. ಹೋಗದೆ ಇರಲು ಧೈರ್ಯ ಸಾಲಲಿಲ್ಲ. ಹಾಳೆ ಒಯ್ಯಲಿಲ್ಲ. ಅಲ್ಲಿಯ ಹುಡುಗಿ ಚೊಕ್ಕ ಕನ್ನಡದಲ್ಲಿ ಕೇಳಿದಳು. "ಕಣ್ಣು ಮುಚ್ಚಿರಿ ಅಜ್ಜಾರ." ಇವರು ನಗುತ್ತ ತಲೆಯಾಡಿಸಿದರು. "ಬಾಗಲಾ ಎಲ್ಲೈತಿ ತೋರಸ್ರಿ." ಆಕೆಯ ಕೈ ನೋಡಿದರು, ಆಕೆ ಎತ್ತ ತೋರಿಸಿಯಾಳು ಅಂತ. ಆಕೆ ಕೈ ಕಟ್ಟಿಕೊಂಡಳು. ಇವರು ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಒಂದು ಚೀಟಿಯಲ್ಲಿ ಅವರದೇ ಹೆಸರು ಬರೆದು ಮುಂದಿಟ್ಟಳು, ಅದನ್ನು ನೋಡಿ ಕೆಳಗೆ ಅಚ್ಚುಕಟ್ಟಾಗಿ ಬರೆದರು. ಚೀಟಿ ತೆಗೆದು, ಈಗ ಬರೆಯಿರಿ ಅಂದಳು. ಪೆನ್ನು ಕೆಳಗಿಟ್ಟರು.

"ನೋಡಿ ಬರಿಯೋದು ಬ್ಯಾರೆ ಅಮ್ಮಾ, ಓದಿ ತಿಳಿಯೋದು ಬ್ಯಾರೆ," ಅಂದಳು ಆ ಹುಡುಗಿ. "ಕಣ್ಣು ಕೈ ಚಲೋ ಅದಾವ. ಕನ್ನಡನೂ ತೆಲುಗಿನಷ್ಟ ಹೋಗೇತಿ. ಪ್ರಯತ್ನ ಬಿಡೂದು ಬ್ಯಾಡ, ಆದ್ರ ಭಾಳ ಆಸೆ ಇಟ್ಕೋಬ್ಯಾಡ್ರಿ." ಕರ್ನೂಲಿನಾಕೆ ಹೇಳಿದ್ದೂ ಇದನ್ನೇ. ನಾನು ಆಕೆಯ ಮೇಲೆ ಕೂಗಾಡಿದ್ದು ಬರೀ ಭಾಷೆ ಬೇರೆ ಅಂತ.

ಊರಿಗೆ ಬಂದು ಸಂಸ್ಥೆಯ ಮೇಡಂಗೆ ಫೋನು ಮಾಡಿದೆ. ನಮ್ಮವರು ಬಿದ್ದ ಮೇಲೆ ಹೋದ ಹಾಳೆಗಳ ಬೇರುಗಳನ್ನು ಪಟ್ಟಿಯಿಂದ ತೆಗೆಯಿರಿ, ಅವು ಇಬ್ಬರು ಒಡೆದವಲ್ಲ ಅಂದೆ. ಆಕೆಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ, "ನೀವು ಒಡೆದಿರೋದು ಸರಿಯಾಗೇ ಇದೆಯಲ್ಲ ಮೇಡಂ, ಇರಲಿ ಬಿಡಿ," ಅಂದಳು.

"ಬ್ಯಾಡ. ಅದರಾಗ ಅವರಿಲ್ಲ," ಅಂದೆ. ಆ ಹಾಳೆಗಳನ್ನು ಬೇರೆ ಊರಿನ ಯಾರಿಗೋ ಎರಡನೆಯ ಸಲ ಒಡೆಯಲು ಕೊಟ್ಟರಂತೆ. ನಮಗೆ ಹೊಸ ಪದಗಳು ಬರುವುದು ನಿಂತಿತು.

ಮನೆಯಲ್ಲಿ ಬೆಳಗಾದರೆ ಅವರು ಮಾತ್ರ ಸ್ನಾನ, ಪೂಜೆ ಮುಗಿಸಿ ಬಂದು ಮೇಜಿಗೆ ಕೂರುತ್ತಾರೆ. ಬೆರಳಿನಿಂದ ಮೇಜು ಬಡಿಯುತ್ತಾರೆ. ಮೊದಲೆರಡು ದಿನ ಕೊಡಲಿಲ್ಲ. ಬಡಿಯುವುದು ನಿಲ್ಲಲಿಲ್ಲ. ಮೈದುನ ಬಂದಿದ್ದವನು, "ಕೊಡು ಅತ್ತಿಗಿ, ನೋಡಿ ಎಳದ್ರ ಎಳೀಲಿ, ಹೊತ್ತರ ಹೋಗ್ತೈತಿ. ಯಾರ ಗಂಟು ಹೋಗೋದೈತಿ?" ಅಂದ. ಹೌದಲ್ಲ ಅನ್ನಿಸಿತು. ಹಳೆಯ ಹಾಳೆಯೊಂದರ ಹೊಸ ಜೆರಾಕ್ಸ್ ತೆಗೆಸಿ ಅವರ ಮುಂದಿಟ್ಟೆ. ಅದರ ಪಕ್ಕದಲ್ಲೇ, ಗೂಡಿನ ತನಕ ನಡೆಯುವ ಕಷ್ಟ ಬೇಡ ಅಂತ, ನಾನು ಗೆರೆ ಎಳೆದ ಹಾಳೆಯನ್ನೂ ಇಟ್ಟೆ.

ಅವರು ನನ್ನ ಹಾಳೆಯನ್ನು ನೋಡಿದರು. ನನ್ನ ಮುಖ ನೋಡಿದರು, ಅವತ್ತು ನಾನು ಅತ್ತು ಕೂಗಾಡಿದಾಗ ನೋಡಿದ ಹಾಗೆ. ಎಡಗೈಯಿಂದ ನನ್ನ ಹಾಳೆಯನ್ನು ನಿಧಾನವಾಗಿ ಬೋರಲು ಹಾಕಿ, ಮೇಜಿನ ಆ ತುದಿಗೆ ತಳ್ಳಿದರು. ಪೆನ್ಸಿಲು ಹಿಡಿದು ಖಾಲಿ ಹಾಳೆಯ ಮೇಲೆ ಬಾಗಿದರು. ಊಟಕ್ಕೆ ಕರೆಯುವ ತನಕ ಹಾಗೇ ಇದ್ದರು. ಪೆನ್ಸಿಲಿನ ತುದಿ ಕಾಗದಕ್ಕೆ ಮುಟ್ಟಲಿಲ್ಲ.

ಈಗಲೂ ದಿನಾ ಹಾಗೇ ಕೂರುತ್ತಾರೆ. ಊಟದ ಹೊತ್ತಿಗೆ ನಾನು ಹೋಗಿ ಹಾಳೆ ತೆಗೆದುಕೊಳ್ಳುತ್ತೇನೆ. ಒಂದು ಗೆರೆಯೂ ಇರುವುದಿಲ್ಲ. "ಆತೇನ್ರಿ?" ಅಂತ ಕೇಳುತ್ತೇನೆ, ಅವರು ತಲೆ ತಗ್ಗಿಸುತ್ತಾರೆ, ನಾನು ಕೈ ಹಿಡಿದು ಎಬ್ಬಿಸುತ್ತೇನೆ.